ಕ್ರಿಯೇಟಿನ್ ರೀಲ್ ನಂಬೋದಾ, ಬಿಡೋದಾ? ಎಷ್ಟು ಜನ, ಯಾರ ದುಡ್ಡು, ಇಲಿಯೋ ಮನುಷ್ಯನೋ ಎಂದು ನೋಡುವ ವಿಧಾನ

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ ಇದೆ. ಸಂಜೆ ಏಳರ ಮೇಲೆ ಜಿಮ್ಮಿನಿಂದ, ಗರಡಿಯಿಂದ ಹುಡುಗರು ಬರಲು ಶುರು ಮಾಡುತ್ತಾರೆ. ಮೊದಲೆಲ್ಲ ಮೊಣಕಾಲಿಗೆ ಸ್ಪ್ರೇ, ಕೈಗೆ ಕ್ರೇಪ್ ಬ್ಯಾಂಡೇಜ್ ಕೇಳುತ್ತಿದ್ದರು. ಈಗ ಮೊಬೈಲ್ ಮುಂದೆ ಹಿಡಿದು ಪ್ರಶ್ನೆ ಕೇಳುತ್ತಾರೆ.

ಹೋದ ತಿಂಗಳು ಬಂದವನು ನನ್ನ ಅಕ್ಕನ ಮಗ ಸಂಗು. ಮುಧೋಳದಲ್ಲಿ ಇರುತ್ತಾನೆ, ಬೆಳಿಗ್ಗೆ ಗರಡಿ, ಸಂಜೆ ಜಿಮ್. "ಮಾಮಾ, ಕ್ರಿಯೇಟಿನ್ ತಗೊಂಡ್ರ ಕೂದಲಾ ಉದರ್ತಾವಂತ. ರಿಸರ್ಚ್ ಆಗೈತಂತ. ಖರೇ ಏನು?" ಎಂದ. ಕ್ರಿಯೇಟಿನ್ ಎಂದರೆ ವ್ಯಾಯಾಮ ಮಾಡುವವರು ಶಕ್ತಿಗೆ, ಸ್ನಾಯು ಬೆಳೆಯಲಿ ಎಂದು ತಗೊಳ್ಳುವ ಪುಡಿ. ರೀಲ್‌ನಲ್ಲಿ ಒಬ್ಬ ಹುಡುಗ ಕೈಯಲ್ಲಿ ಬಾಚಣಿಗೆ ಹಿಡಿದು ನಿಂತಿದ್ದ. ಮೇಲೆ ದಪ್ಪ ಅಕ್ಷರದಲ್ಲಿ 56% ಎಂದು ಬರೆದಿತ್ತು. ಸಂಗುವಿನ ಅಪ್ಪನಿಗೂ ದೊಡ್ಡಪ್ಪನಿಗೂ ಮೂವತ್ತೈದಕ್ಕೇ ನೆತ್ತಿ ಖಾಲಿಯಾಗಿದೆ. ಹಾಗಾಗಿ ಅವನ ಭಯ ಸುಮ್ನೆ ಬಂದದ್ದಲ್ಲ.

ಹೌದು, ಇಲ್ಲ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಮುಂದಿನ ವಾರ ಮತ್ತೊಂದು ರೀಲ್ ತರುತ್ತಾನೆ. ಅದಕ್ಕೇ ಗಲ್ಲಾ ಪಕ್ಕ ಕೂರಿಸಿಕೊಂಡು, ಮೂಲ ಸಂಶೋಧನೆ ಹುಡುಕಿ ಓದುವುದು ಹೇಗೆ ಎಂದು ಒಂದೂವರೆ ತಾಸು ತೋರಿಸಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಅಂಗಡಿಯಲ್ಲೂ ಕ್ರಿಯೇಟಿನ್ ಡಬ್ಬಿಗಳಿವೆ. ಮಾರಿದರೆ ನನಗೂ ಲಾಭ. ಅದನ್ನು ನೆನಪಿಟ್ಟುಕೊಂಡೇ ಮುಂದೆ ಓದಿ.

ಹಂತ 1: ರೀಲ್ ಹೇಳಿದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಒಂದು ಕಾಗದ ತೆಗೆದುಕೊಳ್ಳಿ. ರೀಲ್ ಏನು ಹೇಳುತ್ತಿದೆ ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಸಂಗು ಬರೆದದ್ದು ಹೀಗಿತ್ತು: "ಕ್ರಿಯೇಟಿನ್ ತಗೊಂಡರೆ ಡಿಎಚ್‌ಟಿ 56% ಜಾಸ್ತಿಯಾಗುತ್ತದೆ, ಕೂದಲು ಉದುರುತ್ತದೆ."

ಈಗ ನೋಡಿ, ಇದು ಒಂದು ಮಾತಲ್ಲ, ಎರಡು. ಡಿಎಚ್‌ಟಿ ಎಂದರೆ ಗಂಡಸರ ದೇಹದಲ್ಲಿ ಟೆಸ್ಟೋಸ್ಟೆರಾನ್‌ನಿಂದಲೇ ತಯಾರಾಗುವ ಒಂದು ಹಾರ್ಮೋನ್. ಮನೆತನದಿಂದ ಬಕ್ಕತಲೆ ಬರುವವರಲ್ಲಿ ಇದು ಕೂದಲಿನ ಬುಡವನ್ನು ನಿಧಾನಕ್ಕೆ ಸಣ್ಣದು ಮಾಡುತ್ತದೆ. ಹಾಗಾಗಿ ಮೊದಲ ಮಾತು ರಕ್ತದಲ್ಲಿ ಅಳೆಯುವ ಒಂದು ಅಂಕಿಯ ಬಗ್ಗೆ. ಎರಡನೆಯದು ತಲೆ ಮೇಲಿನ ಕೂದಲಿನ ಬಗ್ಗೆ. ಈ ಎರಡರ ನಡುವೆ ಗೆರೆ ಎಳೆಯಿರಿ. ಸಂಶೋಧಕರು ಅಳೆದದ್ದು ಇದರಲ್ಲಿ ಯಾವುದನ್ನು? ಮೂಲ ಕೈಗೆ ಸಿಕ್ಕಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಹಂತ 2: ಮೂಲ ಸಂಶೋಧನೆ ಹುಡುಕಿ

ಯೂಟ್ಯೂಬ್‌ನಲ್ಲಿ ಹುಡುಕಬೇಡಿ. ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಹೇಳಿರುತ್ತಾರೆ. ಮೊಬೈಲ್‌ನಲ್ಲೇ `pubmed.ncbi.nlm.nih.gov` ತೆರೆಯಿರಿ. ಇದು ಅಮೆರಿಕ ಸರ್ಕಾರದ ವೈದ್ಯಕೀಯ ಗ್ರಂಥಾಲಯದ ಪಟ್ಟಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
creatine dihydrotestosterone rugby
```

ರಗ್ಬಿ ಎಲ್ಲಿಂದ ಬಂತು ಎಂದು ಸಂಗು ಕೇಳಿದ. ರೀಲ್ ಕೊನೆಯಲ್ಲಿ ಅರೆಕ್ಷಣ ಕಂಡ ಸ್ಕ್ರೀನ್‌ಶಾಟ್‌ನಲ್ಲಿ ಆ ಪದ ಇತ್ತು. ರೀಲ್‌ನಲ್ಲಿ ಪೇಪರಿನ ಚಿತ್ರ ಕಂಡರೆ ತಡೆದು ನಿಲ್ಲಿಸಿ, ಕಂಡ ಒಂದೆರಡು ಪದ ಬರೆದುಕೊಳ್ಳಿ. ಅಷ್ಟು ಸಾಕು. ಪೇಪರಿನ ಗುರುತೇ ತೋರಿಸದ ರೀಲ್ ಆದರೆ, ಕಾಮೆಂಟಿನಲ್ಲಿ ಕೇಳಿ. ಉತ್ತರ ಬರದಿದ್ದರೆ ಅದಕ್ಕೆ ಹೆಚ್ಚು ಸಮಯ ಕೊಡಬೇಡಿ.

ಸಿಕ್ಕಿದ್ದು 2009ರ ಒಂದು ಪೇಪರ್. ದಕ್ಷಿಣ ಆಫ್ರಿಕಾದ್ದು. ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ಪೇಪರ್ ಇರುವುದಿಲ್ಲ, ಸಾರಾಂಶ ಇರುತ್ತದೆ. ಬಲಗಡೆ ಅಥವಾ ಕೆಳಗೆ `Free PMC article` ಎಂದು ಕಂಡರೆ ಪೂರ್ತಿ ಪೇಪರ್ ಉಚಿತ. ಸಾರಾಂಶವಷ್ಟೇ ಸಿಕ್ಕರೂ ಮುಂದಿನ ಹಂತಕ್ಕೆ ಬೇಕಾದ್ದು ಬಹುತೇಕ ಅದರಲ್ಲೇ ಇರುತ್ತದೆ.

ಹಂತ 3: ಎಷ್ಟು ಜನ, ಎಷ್ಟು ದಿನ, ಅಳೆದದ್ದು ಏನು

ಸಾರಾಂಶದಲ್ಲಿ `n =` ಎಂಬುದನ್ನು ಅಥವಾ `participants` ಎಂಬ ಪದವನ್ನು ಹುಡುಕಿ. ಈ ಪೇಪರಿನಲ್ಲಿ 20 ಜನ. ಎಲ್ಲರೂ ಕಾಲೇಜು ವಯಸ್ಸಿನ ರಗ್ಬಿ ಆಟಗಾರರು. ಮೊದಲ 7 ದಿನ ದಿನಕ್ಕೆ 25 ಗ್ರಾಂ ಕ್ರಿಯೇಟಿನ್ ಕೊಟ್ಟರು. ಆಮೇಲೆ 14 ದಿನ ದಿನಕ್ಕೆ 5 ಗ್ರಾಂ. ಮಧ್ಯೆ 6 ವಾರ ಬಿಟ್ಟು, ಅದೇ ಹುಡುಗರಿಗೆ ಅದಲುಬದಲು ಮಾಡಿದರು. ಅಂದರೆ ಮೊದಲು ಕ್ರಿಯೇಟಿನ್ ತಗೊಂಡವರು ಆಮೇಲೆ ಬರೀ ಗ್ಲೂಕೋಸ್, ಗ್ಲೂಕೋಸ್ ತಗೊಂಡವರು ಕ್ರಿಯೇಟಿನ್. ಯಾವಾಗ ಯಾವ ಪುಡಿ ಎಂದು ಹುಡುಗರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ವಿಧಾನ ಒಳ್ಳೆಯದೇ. ಇದನ್ನು ಕಳಪೆ ಕೆಲಸ ಎಂದು ತಳ್ಳಿಹಾಕುವುದು ತಪ್ಪು.

ಈಗ ಆ 56% ಎಲ್ಲಿಂದ ಬಂತು ನೋಡೋಣ. ಡಿಎಚ್‌ಟಿಯನ್ನು ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು ಅಳೆಯುತ್ತಾರೆ. ಕ್ರಿಯೇಟಿನ್ ಶುರು ಮಾಡುವ ಮುಂಚೆ ಸರಾಸರಿ 0.98 ಇತ್ತು. 7 ದಿನದ ನಂತರ 1.53 ಆಯಿತು. ಏರಿದ್ದು 0.55. ಅದನ್ನು 0.98ರಿಂದ ಭಾಗಿಸಿದರೆ 56%. ಲೆಕ್ಕ ಸರಿಯಾಗಿಯೇ ಇದೆ. 21 ದಿನಕ್ಕೆ ಅದು 1.38ಕ್ಕೆ ಇಳಿದಿತ್ತು.

ಆದರೆ ರೀಲ್ ತೋರಿಸದ ಎರಡು ಅಂಕಿಗಳಿವೆ. ಒಂದು, ಗಂಡಸರಲ್ಲಿ ಡಿಎಚ್‌ಟಿಯ ಸಾಮಾನ್ಯ ಮಟ್ಟ ಸುಮಾರು 0.38ರಿಂದ 3.27ರವರೆಗೆ ಇರುತ್ತದೆ. ಅಂದರೆ ಏರಿದ ಮೇಲೂ ಈ ಹುಡುಗರ ಸರಾಸರಿ ಮೇಲಿನ ಮಿತಿಯ ಅರ್ಧಕ್ಕೂ ಮುಟ್ಟಿರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಗ್ಲೂಕೋಸ್ ಸರದಿ ಶುರುವಾಗುವ ಮುಂಚೆ ಡಿಎಚ್‌ಟಿ ಎಷ್ಟಿತ್ತು? 1.26. ಆಮೇಲೆ ಅದು 1.09ಕ್ಕೆ ಇಳಿಯಿತು. ಸಂಗುವಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ:

ಕ್ರಿಯೇಟಿನ್ ಸರದಿ: ಶುರುವಿನಲ್ಲಿ 0.98, 7 ದಿನಕ್ಕೆ 1.53.
ಗ್ಲೂಕೋಸ್ ಸರದಿ: ಶುರುವಿನಲ್ಲಿ 1.26, 7 ದಿನಕ್ಕೆ 1.09.

ಸ್ವಲ್ಪ ಹೊತ್ತು ನೋಡಿ ಅವನೇ ಹೇಳಿದ: "ಮಾಮಾ, ಇನ್ನೂ ಏನೂ ತಗೊಂಡಿಲ್ಲ, ಆದ್ರೂ ಎರಡೂ ಸಲದ ಶುರು ಬ್ಯಾರೆ ಬ್ಯಾರೆ ಐತಲ್ಲ?" ಅದೇ ನೋಡಿ. ಪುಡಿ ಬಾಯಿಗೆ ಹೋಗುವ ಮುಂಚೆಯೇ ಎರಡು ಸರಾಸರಿಗಳ ನಡುವೆ 0.28 ವ್ಯತ್ಯಾಸ ಇತ್ತು. ಕ್ರಿಯೇಟಿನ್‌ನಿಂದ ಏರಿತು ಎನ್ನುವ 0.55ರಲ್ಲಿ ಇದು ಅರ್ಧದಷ್ಟು. ಕ್ರಿಯೇಟಿನ್ ಸರದಿ ಕೆಳಗಿನಿಂದ ಶುರುವಾಯಿತು, ಹಾಗಾಗಿ ಶೇಕಡಾವಾರು ಏರಿಕೆ ದೊಡ್ಡದಾಗಿ ಕಾಣುತ್ತದೆ. 1.26ರಿಂದ 1.53ಕ್ಕೆ ಏರಿದ್ದರೆ ಅದು 21% ಆಗುತ್ತಿತ್ತು. ಆಗ ರೀಲ್‌ನ ಅಕ್ಷರ ಅಷ್ಟು ದಪ್ಪ ಇರುತ್ತಿತ್ತಾ?

ಇಂಥ ಓಲಾಟ ಸಣ್ಣ ಗುಂಪಿನಲ್ಲಿ ಯಾಕೆ ಜಾಸ್ತಿ ಎಂಬುದನ್ನು ಹೀಗೆ ನೋಡಿ. 20 ಜನರ ಗುಂಪಿನಲ್ಲಿ ಒಬ್ಬನ ಅಂಕಿ, ನಿದ್ದೆಗೆಟ್ಟೋ ಟೆಸ್ಟಿನ ತಪ್ಪಿನಿಂದಲೋ, 3ರಷ್ಟು ಮೇಲೆ ಹಾರಿತು ಅಂದುಕೊಳ್ಳಿ. ಇಡೀ ಗುಂಪಿನ ಸರಾಸರಿ 0.15 ಏರುತ್ತದೆ. ಅದೇ 200 ಜನ ಇದ್ದರೆ 0.015 ಮಾತ್ರ. ಒಬ್ಬನ ಕಥೆ ಎಲ್ಲರ ಕಥೆಯಾಗಿ ಕಾಣುವ ಅಪಾಯ ಸಣ್ಣ ಗುಂಪಿನಲ್ಲಿ ಹತ್ತು ಪಟ್ಟು.

ಇನ್ನು ಹಂತ 1ರ ಗೆರೆಗೆ ವಾಪಸ್ ಬನ್ನಿ. ಈ ಸಂಶೋಧನೆಯಲ್ಲಿ ಯಾರೂ ಕೂದಲು ಎಣಿಸಲಿಲ್ಲ. ಉದುರಿದ್ದನ್ನು ನೋಡಲಿಲ್ಲ. ಅಳೆದದ್ದು ರಕ್ತ. "ಕೂದಲು ಉದುರುತ್ತದೆ" ಎಂಬ ಮಾತು ಪೇಪರಿನದಲ್ಲ, ರೀಲ್ ಮಾಡಿದವನದು.

ಇದೇ ಹಂತದಲ್ಲಿ ಕಿಡ್ನಿಯ ಮಾತೂ ಬರಲಿ, ಏಕೆಂದರೆ ಅದನ್ನು ಕೇಳುವವರು ಕೂದಲಿಗಿಂತ ಜಾಸ್ತಿ. ಆ ಭಯಕ್ಕೆ ಗಾಳಿ ಹಾಕಿದ ಹಳೆಯ ವರದಿಯೊಂದು 1998ರಲ್ಲಿ ಬಂತು. ಅದರಲ್ಲಿ ಇದ್ದವನು ಒಬ್ಬನೇ ಒಬ್ಬ, 25 ವರ್ಷದವ. ಅವನಿಗೆ ಕ್ರಿಯೇಟಿನ್ ಶುರು ಮಾಡುವ ವರ್ಷಗಳ ಮುಂಚಿನಿಂದಲೇ ಕಿಡ್ನಿ ಕಾಯಿಲೆ ಇತ್ತು. ಪುಡಿ ಬಿಟ್ಟ ಮೇಲೆ ಅವನ ರಿಪೋರ್ಟ್ ಸುಧಾರಿಸಿತು. ಇಂಥ ಒಬ್ಬನ ವರದಿ ವೈದ್ಯರಿಗೆ ಎಚ್ಚರಿಕೆ ಕೊಡಲು ಬರೆದದ್ದು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು ಎಂಬ ಮಾತಿಗೆ ಅದು ಸಾಕು. ಆರೋಗ್ಯವಂತರ ಕಿಡ್ನಿ ಹೋಗುತ್ತದೆ ಎನ್ನಲು ಅದು ಸಾಲದು. ಜೊತೆಗೆ, ದೇಹ ಸೇರಿದ ಕ್ರಿಯೇಟಿನ್‌ನ ಒಂದು ಪಾಲು ಕ್ರಿಯೇಟಿನಿನ್ ಆಗಿ ಬದಲಾಗುತ್ತದೆ. ಲ್ಯಾಬಿನವರು ಕಿಡ್ನಿ ನೋಡಲು ಅಳೆಯುವುದು ಅದನ್ನೇ. ಹಾಗಾಗಿ ಕಿಡ್ನಿ ಸರಿಯಿದ್ದೂ ರಿಪೋರ್ಟಿನಲ್ಲಿ ಆ ಅಂಕಿ ಸ್ವಲ್ಪ ಏರಿರಬಹುದು. ರಕ್ತ ಕೊಡುವಾಗ "ಕ್ರಿಯೇಟಿನ್ ತಗೋತೀನಿ" ಎಂದು ಡಾಕ್ಟರಿಗೆ ಹೇಳಲೇಬೇಕು.

ಹಾಗಂತ ಸಣ್ಣ ಸಂಶೋಧನೆಯೆಲ್ಲ ಕಸ ಅಂದುಕೊಳ್ಳಬೇಡಿ. ಬಾಯಿಂದ ತಗೊಂಡ ಕ್ರಿಯೇಟಿನ್ ಮಾಂಸಖಂಡಕ್ಕೆ ಸೇರುತ್ತದೆ ಎಂದು ತೋರಿಸಿದ 1992ರ ಹೆಸರಾಂತ ಪೇಪರಿನಲ್ಲಿ ಇದ್ದದ್ದು 17 ಜನ. ಆದರೂ ಅದು ನಿಂತಿತು. ಕಾರಣ, ಬೇರೆ ಬೇರೆ ಊರಿನ ಲ್ಯಾಬುಗಳು ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದವು, ಅದೇ ಉತ್ತರ ಬಂತು. ಹಾಗಾದರೆ ಡಿಎಚ್‌ಟಿ ವಿಷಯದಲ್ಲಿ ಏನಾಯಿತು?

ಹಂತ 4: ಮತ್ತೆ ಯಾರಾದರೂ ಮಾಡಿ ನೋಡಿದ್ದಾರಾ?

ಈಗ `creatine hair loss` ಎಂದು ಹುಡುಕಿ. ಫಲಿತಾಂಶಗಳನ್ನು ಹೊಸದು ಮೇಲೆ ಬರುವಂತೆ ಮಾಡಿಕೊಳ್ಳಿ.

2009ರ ನಂತರ ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಜನ ಅದೊಂದೇ ಪೇಪರನ್ನು ಹೇಳುತ್ತಾ ಬಂದರು. 2025ರಲ್ಲಿ ನೇರವಾಗಿ ಕೂದಲನ್ನೇ ಅಳೆದ ಸಂಶೋಧನೆ ಬಂತು. 18ರಿಂದ 40 ವರ್ಷದ, ವೇಟ್ ಎತ್ತುವ ಅಭ್ಯಾಸ ಇದ್ದ 45 ಗಂಡಸರನ್ನು ಸೇರಿಸಿಕೊಂಡರು. ಕೊನೆಯವರೆಗೆ ಉಳಿದವರು 38. ದಿನಕ್ಕೆ 5 ಗ್ರಾಂ ಕ್ರಿಯೇಟಿನ್ ಅಥವಾ ಅದೇ ಥರದ ಹುಸಿ ಪುಡಿ, 12 ವಾರ. ರಕ್ತದಲ್ಲಿ ಡಿಎಚ್‌ಟಿ ನೋಡಿದರು. ತಲೆಯ ಮೇಲೆ ಕೂದಲಿನ ಸಾಂದ್ರತೆ, ದಪ್ಪ ಎಲ್ಲ ನೋಡಿದರು. ಎರಡೂ ಗುಂಪಿನ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ.

ಸಂಗು ಹಿಗ್ಗಿ ಎದ್ದು ನಿಂತ. ಕೂರಿಸಿದೆ. ನಮಗೆ ಇಷ್ಟವಾದ ಉತ್ತರ ಸಿಕ್ಕಾಗಲೂ ಅದೇ ತಕ್ಕಡಿ ಹಿಡಿಯಬೇಕು ಅಲ್ವಾ? 38 ಜನ ಎಂದರೂ ಸಣ್ಣ ಗುಂಪೇ. ಒಂದು ಕಡೆಗೆ ಇಪ್ಪತ್ತೂ ಇಲ್ಲ. ಮನೆತನದ ಬಕ್ಕತಲೆ 12 ವಾರದಲ್ಲಿ ಬರುವುದಿಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಈ ಸಂಶೋಧನೆ ಹೇಳುವುದು ಇಷ್ಟು: ಮೂರು ತಿಂಗಳು ದಿನಕ್ಕೆ 5 ಗ್ರಾಂ ತಗೊಂಡ ಗಂಡಸರಲ್ಲಿ ಕೂದಲಿಗೆ ತೊಂದರೆ ಕಾಣಲಿಲ್ಲ, 2009ರ ಡಿಎಚ್‌ಟಿ ಏರಿಕೆಯೂ ಮತ್ತೆ ಕಾಣಲಿಲ್ಲ. ಐದು ವರ್ಷ ತಗೊಂಡರೆ ಏನು ಎಂಬುದಕ್ಕೆ ಇದರಲ್ಲಿ ಉತ್ತರ ಇಲ್ಲ.

ಸಂಗುವಿನ ಕಾಗದದ ಮೇಲೆ ಕೊನೆಗೆ ಬರೆಸಿದ ಸಾಲು ಹೀಗಿತ್ತು: "ರಕ್ತದ ಅಂಕಿ ಏರಿದ್ದು ಒಂದು ಸಣ್ಣ ಸಂಶೋಧನೆಯಲ್ಲಿ. ಕೂದಲು ಅಳೆದ ಸಂಶೋಧನೆಯಲ್ಲಿ ತೊಂದರೆ ಇಲ್ಲ, ಆದರೆ ಅದು ಮೂರೇ ತಿಂಗಳು." ಅವನಿಗೆ ಇದು ಅರ್ಧ ಸಮಾಧಾನ. ಆದರೆ ಸದ್ಯ ಇರುವ ಖರೇ ಮಾತು ಇಷ್ಟೇ.

ಹಂತ 5: ದುಡ್ಡು ಯಾರದು?

ಇಲ್ಲಿ ಎರಡು ಜೇಬು ನೋಡಬೇಕು. ರೀಲ್ ಮಾಡಿದವನದು, ಸಂಶೋಧನೆ ಮಾಡಿದವರದು.

ರೀಲ್ ಮಾಡಿದವನದು ಸುಲಭ. ಹೆಸರಿನ ಕೆಳಗೆ `Paid partnership` ಎಂದು ಇದೆಯಾ ನೋಡಿ. ಬಯೋದಲ್ಲಿ ಡಿಸ್ಕೌಂಟ್ ಕೋಡ್ ಇದೆಯಾ, ಅಂಗಡಿ ಲಿಂಕ್ ಇದೆಯಾ ನೋಡಿ. ದುಡ್ಡು ಅಥವಾ ಉಚಿತ ಸಾಮಾನು ತಗೊಂಡು ಹೊಗಳಿದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು ಎಂದು ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹೊಗಳುವ ರೀಲ್ ಅಷ್ಟೇ ಅಲ್ಲ, ಹೆದರಿಸುವ ರೀಲಿನ ಹಿಂದೆಯೂ ವ್ಯಾಪಾರ ಇರಬಹುದು. ಸಂಗು ತಂದ ಆ ಬಾಚಣಿಗೆ ರೀಲಿನ ಬಯೋ ತೆರೆದಾಗ ಸಿಕ್ಕಿದ್ದು ಕೂದಲಿನ ಸೀರಮ್ ಮಾರುವ ಲಿಂಕ್. ಇದರಿಂದ ಆ ಮಾತು ಸುಳ್ಳು ಎಂದು ಸಾಬೀತಾಗುವುದಿಲ್ಲ. ಆದರೆ 1.26 ಎಂಬ ಅಂಕಿ ಯಾಕೆ ತೋರಿಸಲಿಲ್ಲ ಎಂಬುದು ಸ್ವಲ್ಪ ತಿಳಿಯುತ್ತದೆ.

ಸಂಶೋಧಕರ ಜೇಬು ಪೇಪರಿನ ಕೊನೆಯಲ್ಲಿ ಇರುತ್ತದೆ. ತೀರ್ಮಾನ ಮುಗಿದ ಮೇಲೆ, ಆಧಾರಗಳ ಪಟ್ಟಿಗೆ ಮುಂಚೆ. `Funding`, `Disclosure statement`, `Competing interests` ಎಂಬ ತಲೆಬರಹ ನೋಡಿ. 2017ರಿಂದ ಈಚೆಗೆ ಪಬ್‌ಮೆಡ್‌ನ ಸಾರಾಂಶದ ಕೆಳಗೂ `Conflict of interest statement` ಎಂದು ತೋರಿಸುತ್ತಾರೆ. ಎಲ್ಲ ಪೇಪರಿಗೂ ಇರುವುದಿಲ್ಲ. ಅಲ್ಲಿ ಕಾಣದಿದ್ದರೆ ಸಂಬಂಧವೇ ಇಲ್ಲ ಎಂದು ತಿಳಿಯಬೇಡಿ, ಪೂರ್ತಿ ಪೇಪರಿನಲ್ಲಿ ನೋಡಿ.

ಓದುವಾಗ ಒಂದೊಂದನ್ನೂ ಬೇರೆ ಮಾಡಿಕೊಳ್ಳಿ. ಕಂಪನಿ ಬರೀ ಪುಡಿ ಉಚಿತವಾಗಿ ಕೊಟ್ಟಿರಬಹುದು. ಇಡೀ ಖರ್ಚು ಹೊತ್ತಿರಬಹುದು. ಬರೆದವರಲ್ಲೇ ಕಂಪನಿಯ ಸಲಹೆಗಾರರು ಅಥವಾ ನೌಕರರು ಇರಬಹುದು. ಇವೆಲ್ಲ ಒಂದೇ ತೂಕದ್ದಲ್ಲ. ನನಗೆ ಪುಡಿ ಉಚಿತ ಎಂದರೆ ಅಷ್ಟು ಚಿಂತೆ ಇಲ್ಲ. ಅಂಕಿ ಲೆಕ್ಕ ಹಾಕಿದವರು ಕಂಪನಿಯ ಸಂಬಳದವರು ಎಂದರೆ ಎದ್ದು ಕೂರುತ್ತೇನೆ.

ಇದಕ್ಕೆ ಕ್ರಿಯೇಟಿನ್ ಲೋಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಸಾಮಾನ್ಯ ಕ್ರಿಯೇಟಿನ್ ಮೊನೊಹೈಡ್ರೇಟ್ ಹೊಟ್ಟೆಯ ಆಮ್ಲದಲ್ಲಿ ಕೆಡುತ್ತದೆ, ಅದಕ್ಕೇ ನಮ್ಮ "ಬಫರ್ಡ್" ಕ್ರಿಯೇಟಿನ್ ಕೊಳ್ಳಿ, ಒಂದೂವರೆ ಗ್ರಾಂ ಸಾಕು ಎಂಬ ಜಾಹೀರಾತು ಬಹಳ ಓಡಿತು. ಈಗಲೂ ರೀಲುಗಳಲ್ಲಿ ಬರುತ್ತದೆ. 2012ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಅದನ್ನು ಪರೀಕ್ಷೆ ಮಾಡಿದರು. 36 ಜನ, ಮೂರು ಗುಂಪು, 28 ದಿನ. ಒಂದು ಗುಂಪಿಗೆ ಕಂಪನಿ ಹೇಳಿದ ಒಂದೂವರೆ ಗ್ರಾಂ ಬಫರ್ಡ್. ಇನ್ನೊಂದಕ್ಕೆ ಅದೇ ಬಫರ್ಡ್, ಆದರೆ ಮಾಮೂಲಿ ದೊಡ್ಡ ಪ್ರಮಾಣದಲ್ಲಿ. ಮೂರನೆಯದಕ್ಕೆ ಸಾದಾ ಮೊನೊಹೈಡ್ರೇಟ್. ತೊಡೆಯ ಸ್ನಾಯುವಿನ ಚೂರು ತೆಗೆದು ಒಳಗೆ ಎಷ್ಟು ಕ್ರಿಯೇಟಿನ್ ಸೇರಿದೆ ಎಂದೇ ನೋಡಿದರು. ಬಫರ್ಡ್ ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಖರ್ಚು ಕೊಟ್ಟವರು ಯಾರು? ಜರ್ಮನಿಯ ಆಲ್ಜ್‌ಕೆಮ್, ಅಂದರೆ ಸಾದಾ ಮೊನೊಹೈಡ್ರೇಟ್ ತಯಾರಿಸುವ ಕಂಪನಿ. ಎದುರಾಳಿಯ ದುಡ್ಡು! ಹಾಗಾದರೆ ಬಿಸಾಡಬೇಕಾ?

ಬೇಡ. ಮೂರು ಪ್ರಶ್ನೆ ಕೇಳಿ. ಯಾವ ಪುಡಿ ಯಾರಿಗೆ ಎಂಬುದು ಮುಚ್ಚಿಟ್ಟಿತ್ತಾ? ಇತ್ತು. ಅಳೆದದ್ದು "ಹೇಗನ್ನಿಸಿತು" ಎಂಬುದನ್ನಾ, ಕೈಗೆ ಸಿಗುವ ಅಂಕಿಯನ್ನಾ? ಸ್ನಾಯುವಿನೊಳಗಿನ ಅಂಕಿಯನ್ನು. ದುಡ್ಡಿನ ಮೂಲವನ್ನು ಅವರೇ ಬರೆದಿದ್ದಾರಾ? ಬರೆದಿದ್ದಾರೆ. ಮೂರಕ್ಕೂ ಹೌದು ಬಂದರೆ, ಫಲಿತಾಂಶ ಇಟ್ಟುಕೊಳ್ಳಿ, ತೂಕ ಸ್ವಲ್ಪ ಇಳಿಸಿ. ಜೊತೆಗೆ ಹಂತ 3 ಮರೆಯಬೇಡಿ. ಗುಂಪಿಗೆ 12 ಜನ ಅಷ್ಟೇ. ಇಷ್ಟು ಸಣ್ಣ ಗುಂಪಿನಲ್ಲಿ "ವ್ಯತ್ಯಾಸ ಸಿಗಲಿಲ್ಲ" ಎಂದರೆ "ವ್ಯತ್ಯಾಸವೇ ಇಲ್ಲ" ಎಂದಲ್ಲ. ಆದರೆ ಇಲ್ಲಿ ಸಾಬೀತು ಮಾಡಬೇಕಾದ್ದು ಯಾರು? ಜಾಸ್ತಿ ರೇಟಿನ ಡಬ್ಬಿ ಮಾರುವವನು. ಅದಕ್ಕೇ ನಾನು ಬಫರ್ಡ್ ಕೇಳಿದವರಿಗೂ ಸಾದಾದ್ದೇ ಸಾಕು ಎನ್ನುತ್ತೇನೆ. ಅದರಲ್ಲಿ ನನಗೆ ಉಳಿಯುವುದು ಕಡಿಮೆ.

"ಕೂದಲು ಉದುರುತ್ತದೆ ಎಂಬುದು ಸುಳ್ಳು" ಎನ್ನುವ ರೀಲುಗಳಿಗೂ ಇದನ್ನೇ ಮಾಡಿ. ಅವರು ಬಹಳ ಸಲ ತೋರಿಸುವುದು 2021ರ ಒಂದು ವಿಮರ್ಶಾ ಲೇಖನ. ಕ್ರಿಯೇಟಿನ್ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರ ಇದೆ, ಕೆಲಸವೂ ಚೆನ್ನಾಗಿದೆ. ಅದರ ಕೊನೆಯ ಪುಟದಲ್ಲಿ, ಬರೆದವರಲ್ಲಿ ಕೆಲವರಿಗೆ ಕ್ರಿಯೇಟಿನ್ ಉದ್ಯಮದ ಜೊತೆ ಇರುವ ಸಂಬಂಧವನ್ನು ಅವರೇ ಬರೆದಿದ್ದಾರೆ. ಆ ಪುಟವನ್ನು ಯಾವ ರೀಲಿನಲ್ಲೂ ನಾನು ಕಂಡಿಲ್ಲ.

ಹಂತ 6: ಇಲಿಯೋ, ಮನುಷ್ಯನೋ?

ಎರಡು ವಾರದ ನಂತರ ಸಂಗು ಫೋನ್ ಮಾಡಿದ. ಈ ಸಲ ಕೇಳಿದ್ದು ತನಗಲ್ಲ, ಅಜ್ಜಿಗೆ. ಅಜ್ಜಿಗೆ ಪಾರ್ಕಿನ್ಸನ್ಸ್ ಇದೆ, ಕೈ ನಡುಗುತ್ತದೆ, ರೊಟ್ಟಿ ಬಡಿಯುವುದು ಬಿಟ್ಟು ಮೂರು ವರ್ಷವಾಯಿತು. ಕ್ರಿಯೇಟಿನ್ ಮೆದುಳಿನ ಕೋಶಗಳನ್ನು ಕಾಪಾಡುತ್ತದೆ ಎಂದು ಒಂದು ರೀಲ್ ಹೇಳಿತ್ತು. "ಅಜ್ಜಿಗ ಕೊಡೂನೇನ ಮಾಮಾ?" ಎಂದು ಕೇಳಿದ.

ಇಲ್ಲಿ ಸಾರಾಂಶದಲ್ಲಿ ಮೊದಲು ಹುಡುಕಬೇಕಾದ ಪದಗಳು `mice`, `rats`, `in vitro`. ಮೊದಲೆರಡು ಇಲಿಗಳು. ಮೂರನೆಯದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳು. ರೀಲ್‌ನವರು ಈ ಪದವನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ. ಪಬ್‌ಮೆಡ್‌ನ ಫಿಲ್ಟರ್‌ನಲ್ಲಿ `Humans` ಎಂದು ಆರಿಸಿದರೆ ಇಲಿಗಳ ಪೇಪರುಗಳು ಸರಿದುಹೋಗುತ್ತವೆ. ಒಂದು ತೊಂದರೆ ಇದೆ. ತೀರಾ ಹೊಸ ಪೇಪರುಗಳಿಗೆ ಆ ಗುರುತು ಇನ್ನೂ ಹಾಕಿರುವುದಿಲ್ಲ, ಅವೂ ಸರಿದುಹೋಗುತ್ತವೆ. ಹಾಗಾಗಿ ಫಿಲ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ.

ಆ ರೀಲಿನ ಬೇರು 1999ರ ಒಂದು ಸಂಶೋಧನೆಯಲ್ಲಿದೆ. ಇಲಿಗಳ ಮೇವಿನಲ್ಲಿ ಕ್ರಿಯೇಟಿನ್ ಬೆರೆಸಿ ತಿನ್ನಿಸಿದರು. ಆಮೇಲೆ, ಪಾರ್ಕಿನ್ಸನ್ಸ್‌ನಲ್ಲಿ ಸಾಯುವಂಥ ಮೆದುಳಿನ ಕೋಶಗಳನ್ನೇ ಕೊಲ್ಲುವ ವಿಷ ಚುಚ್ಚಿದರು. ಕ್ರಿಯೇಟಿನ್ ತಿಂದ ಇಲಿಗಳ ಕೋಶಗಳು ಜಾಸ್ತಿ ಉಳಿದವು. ಒಳ್ಳೆಯ ಸುದ್ದಿಯೇ. ಆದರೆ ಇಲ್ಲಿ ಎರಡು ವಿಷಯ ಗಮನಿಸಿ.

ಒಂದು ಪ್ರಮಾಣ. 25 ಗ್ರಾಂ ತೂಕದ ಇಲಿ ದಿನಕ್ಕೆ ಸುಮಾರು 4 ಗ್ರಾಂ ಮೇವು ತಿನ್ನುತ್ತದೆ. ಮೇವಿನಲ್ಲಿ ನೂರಕ್ಕೆ ಒಂದು ಭಾಗ ಕ್ರಿಯೇಟಿನ್ ಇದೆ ಅಂದುಕೊಳ್ಳಿ. ದಿನಕ್ಕೆ 0.04 ಗ್ರಾಂ ಆಯಿತು. ತೂಕಕ್ಕೆ ತೂಕ ಲೆಕ್ಕ ಹಾಕಿದರೆ ಕೆಜಿಗೆ 1.6 ಗ್ರಾಂ. 60 ಕೆಜಿಯ ಅಜ್ಜಿಗೆ 96 ಗ್ರಾಂ! ಸಣ್ಣ ಪ್ರಾಣಿಯ ದೇಹ ಎಲ್ಲವನ್ನೂ ಬೇಗ ಸುಡುತ್ತದೆ, ಹಾಗಾಗಿ ಔಷಧ ಶಾಸ್ತ್ರದಲ್ಲಿ ಇಲಿಯ ಪ್ರಮಾಣವನ್ನು ಸುಮಾರು 12ರಿಂದ ಭಾಗಿಸುತ್ತಾರೆ. ಆಗ 8 ಗ್ರಾಂ ಬರುತ್ತದೆ. ರೀಲ್‌ನವರು ಈ ಎರಡರಲ್ಲಿ ತಮಗೆ ಬೇಕಾದದ್ದನ್ನು ಹಿಡಿಯುತ್ತಾರೆ. ಹೆದರಿಸುವವನು ಮೊದಲ ಲೆಕ್ಕ ಹಿಡಿದರೆ, ಮಾರುವವನು ಲೆಕ್ಕವನ್ನೇ ಹೇಳುವುದಿಲ್ಲ.

ಎರಡನೆಯದು ಸಮಯ. ಇಲಿಗೆ ಕ್ರಿಯೇಟಿನ್ ಕೊಟ್ಟದ್ದು ವಿಷಕ್ಕಿಂತ ಮುಂಚೆ. ಅಜ್ಜಿಗೆ ಕಾಯಿಲೆ ಆಗಲೇ ಬಂದಿದೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿಯೇ ಇರುತ್ತವೆ. ಪ್ರಮಾಣ ಸರಿಹೊಂದಿದರೂ ಸಮಯ ಹೊಂದುವುದಿಲ್ಲ.

ಈ ಕಥೆ ಇಲಿಯಲ್ಲೇ ನಿಲ್ಲಲಿಲ್ಲ. ವಿಜ್ಞಾನಿಗಳು ಮುಂದಿನ ಮೆಟ್ಟಿಲನ್ನೂ ಹತ್ತಿದರು. 200 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕ್ರಿಯೇಟಿನ್ ಕೊಟ್ಟು ನೋಡಿದರು. 2006ರಲ್ಲಿ ಬಂದ ಫಲಿತಾಂಶ "ಮುಂದುವರಿಸಬಹುದು" ಎಂಬಂತಿತ್ತು. ರೀಲುಗಳು ಇಲ್ಲಿಗೇ ನಿಂತುಬಿಡುತ್ತವೆ. ಆಮೇಲೆ ಅಮೆರಿಕ ಸರ್ಕಾರದ ದುಡ್ಡಿನಲ್ಲಿ ಅಮೆರಿಕ ಮತ್ತು ಕೆನಡಾದ 45 ಕೇಂದ್ರಗಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ರೋಗಿಗಳು 1,741. ದಿನಕ್ಕೆ 10 ಗ್ರಾಂ ಕ್ರಿಯೇಟಿನ್ ಅಥವಾ ಹುಸಿ ಪುಡಿ. ಕನಿಷ್ಠ ಐದು ವರ್ಷ ನೋಡುವ ಯೋಜನೆ. ಮಧ್ಯದಲ್ಲಿ ಲೆಕ್ಕ ಹಾಕಿದಾಗ ಎರಡು ಗುಂಪಿನ ನಡುವೆ ಏನೂ ವ್ಯತ್ಯಾಸ ಇರಲಿಲ್ಲ. 2013ರಲ್ಲಿ ಪರೀಕ್ಷೆ ನಿಲ್ಲಿಸಿದರು. 2015ರಲ್ಲಿ ಫಲಿತಾಂಶ ಅಚ್ಚಾಯಿತು.

ಇಲಿಯಿಂದ 200ಕ್ಕೆ, 200ರಿಂದ 1,741ಕ್ಕೆ. ಮೊದಲೆರಡು ಮೆಟ್ಟಿಲಲ್ಲಿ ಆಸೆ ಹುಟ್ಟಿತ್ತು, ಮೂರನೆಯದರಲ್ಲಿ ಉಳಿಯಲಿಲ್ಲ. ಸಂಗುವಿಗೆ ಅದನ್ನೇ ಹೇಳಿದೆ. ಕೊಡಬೇಡ, ಡಾಕ್ಟರ್ ಬರೆದ ಗುಳಿಗೆ ಹೊತ್ತಿಗೆ ಸರಿಯಾಗಿ ಕೊಡು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ದನಿ ಕೇಳಿ ನನಗೂ ಸಂಕಟವಾಯಿತು.

ಹಂತ 7: ಆ ಮನುಷ್ಯರು ನಿಮ್ಮಂಥವರೇನಾ?

ಮನುಷ್ಯರ ಮೇಲಿನ ಸಂಶೋಧನೆ ಎಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ನಮ್ಮ ಕಡೆ ಸಸ್ಯಾಹಾರಿ ಮನೆಗಳು ಬಹಳ. ಕ್ರಿಯೇಟಿನ್ ಇರುವುದು ಮಾಂಸ, ಮೀನಿನಲ್ಲಿ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿಯಲ್ಲಿ ಇಲ್ಲ. "ಸಸ್ಯಾಹಾರಿಗಳ ಬುದ್ಧಿ ಇದರಿಂದ ಚುರುಕಾಗುತ್ತದೆ" ಎಂಬ ರೀಲ್ ನಮ್ಮ ಹುಡುಗರಿಗೆ ಅದಕ್ಕೇ ಬೇಗ ನಾಟುತ್ತದೆ. ಅದರ ಮೂಲ 2003ರ ಪೇಪರ್. 45 ಸಸ್ಯಾಹಾರಿಗಳು, ದಿನಕ್ಕೆ 5 ಗ್ರಾಂ, 6 ವಾರ. ನೆನಪಿನ ಪರೀಕ್ಷೆಯಲ್ಲಿ ಒಳ್ಳೆಯ ಸುಧಾರಣೆ ಕಂಡಿತು. 2023ರಲ್ಲಿ 123 ಜನರ ಮೇಲೆ, ಅರ್ಧ ಸಸ್ಯಾಹಾರಿಗಳು ಅರ್ಧ ಮಾಂಸಾಹಾರಿಗಳು ಇರುವಂತೆ, ಅದೇ 5 ಗ್ರಾಂ ಅದೇ 6 ವಾರ ಮಾಡಿ ನೋಡಿದರು. ಲಾಭ ಇದ್ದರೂ ತೀರಾ ಸಣ್ಣದು, ಸಸ್ಯಾಹಾರಿಗಳಿಗೆ ಜಾಸ್ತಿ ಎಂಬುದಂತೂ ಕಾಣಲಿಲ್ಲ. ರೀಲುಗಳು ಇನ್ನೂ 2003ರದ್ದನ್ನೇ ಓದುತ್ತಿವೆ.

ವಯಸ್ಸು, ಗಂಡಸೋ ಹೆಂಗಸೋ, ಕಾಯಿಲೆ ಇದೆಯೋ ಇಲ್ಲವೋ, ಕೊಟ್ಟದ್ದು ಎಷ್ಟು ಗ್ರಾಂ. ಈ ನಾಲ್ಕನ್ನು ನಿಮ್ಮ ಜೊತೆ ಹೋಲಿಸಿ. ಹೊಂದದ್ದರ ಪಕ್ಕ ಒಂದು ಗುರುತು ಹಾಕಿ.

ಹಂತ 8: ತೀರ್ಪಿನ ಪಕ್ಕ ತಾರೀಖು ಬರೆಯಿರಿ

2024ರಲ್ಲಿ ಸಂಗು ಬಂದಿದ್ದರೆ ನಾನು "ಕ್ರಿಯೇಟಿನ್ ಕೊಟ್ಟು ಕೂದಲನ್ನು ಯಾರೂ ಅಳೆದಿಲ್ಲ" ಎನ್ನುತ್ತಿದ್ದೆ. 2025ರ ನಂತರ ಆ ಮಾತು ತಪ್ಪಾಗುತ್ತದೆ. ಒಂದು ವರ್ಷದ ಸಂಶೋಧನೆ ಬಂದರೆ ಈಗ ಬರೆಸಿದ ಸಾಲೂ ಬದಲಾಗಬೇಕಾಗುತ್ತದೆ. ಅದಕ್ಕೆ ಪಬ್‌ಮೆಡ್‌ನಲ್ಲೇ ಒಂದು ಅನುಕೂಲ ಇದೆ. `creatine hair loss` ಎಂದು ಹುಡುಕಿದ ಮೇಲೆ, ಹುಡುಕುವ ಜಾಗದ ಕೆಳಗೆ `Create alert` ಎಂದು ಇರುತ್ತದೆ. ಇದಕ್ಕೆ ಮಾತ್ರ ಒಂದು ಉಚಿತ ಖಾತೆ ಬೇಕು. ತಿಂಗಳಿಗೊಮ್ಮೆ ಎಂದು ಆರಿಸಿದರೆ, ಹೊಸ ಪೇಪರ್ ಬಂದಾಗ ಇಮೇಲ್ ಬರುತ್ತದೆ. ಸಂಗುವಿನ ಮೊಬೈಲ್‌ನಲ್ಲಿ ಅದನ್ನು ಹಾಕಿಕೊಟ್ಟಿದ್ದೇನೆ. ಕಾಗದ ಅವನ ಜಿಮ್ ಬ್ಯಾಗಿನಲ್ಲಿದೆ, ಕೊನೆಯ ಸಾಲಿನ ಕೆಳಗೆ ತಾರೀಖು ಅವನೇ ಬರೆದುಕೊಂಡಿದ್ದಾನೆ.